ಚೌಕವೂ ಒಂದು ಆಯತವೇ? ಚತುರ್ಭುಜಗಳ ವಂಶವೃಕ್ಷದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಠ್ಯಪುಸ್ತಕಗಳಲ್ಲಿ ಚೌಕಕ್ಕೆ ವರ್ಗ ಎಂದೂ ಹೇಳುತ್ತಾರೆ. ಸಂಖ್ಯೆಯ ವರ್ಗದ ಜೊತೆ ಕಲಸಿಹೋಗದಿರಲಿ ಎಂದು ಇಲ್ಲಿ ಚೌಕ ಎಂದೇ ಬರೆದಿದೆ.

ಮೊದಲು ಉತ್ತರ ಹೇಳಿಬಿಡಿ. ಚೌಕ ಆಯತ ಹೌದೋ ಅಲ್ಲವೋ?

ಹೌದು. ನಾಲ್ಕೂ ಕೋನಗಳು ಲಂಬಕೋನವಾಗಿರುವ ಚತುರ್ಭುಜವೇ ಆಯತ. ಚೌಕದ ನಾಲ್ಕೂ ಕೋನಗಳು ಲಂಬಕೋನ. ಅಲ್ಲಿಗೆ ಮುಗಿಯಿತು. ಬಾಹುಗಳು ಸಮ ಇರಬೇಕು ಅಂತಲೋ, ಇರಬಾರದು ಅಂತಲೋ ಆಯತದ ವ್ಯಾಖ್ಯೆ ಏನೂ ಹೇಳುವುದಿಲ್ಲ. ತಿರುಗಿಸಿ ಹೇಳಿದರೆ ಮಾತ್ರ ಸುಳ್ಳು: ಎಲ್ಲ ಆಯತಗಳೂ ಚೌಕಗಳಲ್ಲ.

ಆಯತ ಅಂದ್ರೆ ಉದ್ದ ಜಾಸ್ತಿ, ಅಗಲ ಕಡಿಮೆ ಇರೋದು ಅಲ್ವಾ?

ಮಾತಿನಲ್ಲಿ ಹಾಗೇ ಬಳಸುತ್ತೇವೆ, ಅದರಲ್ಲಿ ತಪ್ಪಿಲ್ಲ. ಬೆಂಗಳೂರಿನಲ್ಲಿ 30×30 ಸೈಟು ಇಟ್ಟುಕೊಂಡವರು ಅದನ್ನು ‘ಆಯತಾಕಾರದ ಸೈಟು’ ಅನ್ನುವುದಿಲ್ಲ. ಯಾಕೆಂದರೆ ಮಾತಾಡುವಾಗ ಗೊತ್ತಿರುವುದರಲ್ಲಿ ಅತಿ ಖಚಿತವಾದ ಹೆಸರನ್ನೇ ಹೇಳುವುದು ನಮ್ಮ ರೂಢಿ. ಅದನ್ನು ಬಿಟ್ಟು ಆಯತ ಎಂದರೆ, ಕೇಳಿದವರು ‘ಓ, ಹಾಗಾದರೆ ಚೌಕ ಅಲ್ಲ’ ಅಂದುಕೊಳ್ಳುತ್ತಾರೆ. ಹಾಗೆ ಅಂದುಕೊಳ್ಳುವುದು ಮಾತಿನ ಮರ್ಯಾದೆಯಿಂದ ಹುಟ್ಟಿದ್ದು, ಆಕೃತಿಯ ಗುಣದಿಂದಲ್ಲ.

ಗಣಿತದಲ್ಲಿ ವ್ಯಾಖ್ಯೆಯ ಕೆಲಸವೇ ಬೇರೆ. ಒಂದು ಆಕೃತಿಯನ್ನು ಮುಂದಿಟ್ಟರೆ ಅದು ಒಳಗೋ ಹೊರಗೋ ಎಂದು ಅದು ತೀರ್ಮಾನಿಸಬೇಕು. ನೋಡಲು ಹೇಗಿದೆ ಎಂಬುದು ಲೆಕ್ಕಕ್ಕಿಲ್ಲ.

ಸರಿ, ವ್ಯಾಖ್ಯೆ ನಾವೇ ಮಾಡಿದ್ದು ತಾನೇ. ‘ಪಕ್ಕದ ಬಾಹುಗಳು ಸಮ ಇರಬಾರದು’ ಅಂತ ಒಂದು ಷರತ್ತು ಸೇರಿಸಿ ಚೌಕವನ್ನು ಹೊರಗಿಟ್ಟರೆ ಏನು ನಷ್ಟ?

ಈ ಪುಟದಲ್ಲಿ ಬರುವ ಪ್ರಶ್ನೆಗಳಲ್ಲೆಲ್ಲ ಒಳ್ಳೆಯದು ಇದೇ. ಹಾಗೆ ಸೇರಿಸಲು ಯಾರ ಅಡ್ಡಿಯೂ ಇಲ್ಲ. ಸೇರಿಸಿ ನೋಡೋಣ.

24 ಮೀಟರ್ ತಂತಿ ಇದೆ. ಅದರಿಂದ ಆಯತಾಕಾರದ ಜಾಗಕ್ಕೆ ಬೇಲಿ ಹಾಕಬೇಕು, ಒಳಗೆ ಸಿಗುವ ಜಾಗ ಆದಷ್ಟು ಹೆಚ್ಚಿರಬೇಕು. ಉದ್ದ, ಅಗಲ ಎರಡೂ ಸೇರಿ 12 ಆಗಬೇಕು. 8 ಮತ್ತು 4 ಇಟ್ಟರೆ 32 ಚದರ ಮೀಟರ್. 7 ಮತ್ತು 5 ಇಟ್ಟರೆ 35. ಉದ್ದವನ್ನು 6 + t, ಅಗಲವನ್ನು 6 − t ಎಂದು ಬರೆದರೆ ವಿಸ್ತೀರ್ಣ 36 − t². t ಸೊನ್ನೆಯಾದಾಗ ಅತಿ ಹೆಚ್ಚು, ಅಂದರೆ 6×6 ಚೌಕ.

ಈಗ ನಿಮ್ಮ ಹೊಸ ವ್ಯಾಖ್ಯೆಯ ಪ್ರಕಾರ ಚೌಕ ಆಯತವಲ್ಲ, t ಸೊನ್ನೆ ಆಗುವ ಹಾಗಿಲ್ಲ. ಹಾಗಾದರೆ ಉತ್ತರ ಏನು? 6.1×5.9 ಇಟ್ಟರೆ 35.99. ಅದಕ್ಕಿಂತ ಒಳ್ಳೆಯದು ಬೇಕಾದರೆ 6.01×5.99, ಅದು 35.9999. ಅದಕ್ಕಿಂತಲೂ ಒಳ್ಳೆಯದು ಮತ್ತೊಂದು ಇದ್ದೇ ಇರುತ್ತದೆ. ಯಾವುದನ್ನು ಹಿಡಿದರೂ ಅದನ್ನು ಮೀರಿಸುವ ಇನ್ನೊಂದು ಸಿಗುತ್ತದೆ. ಒಂದು ಸರಳ ಲೆಕ್ಕಕ್ಕೆ ಉತ್ತರವೇ ಇಲ್ಲದಂತಾಯಿತು. ಎಲ್ಲ ಆಯತಗಳ ಸಾಲಿನಲ್ಲಿ ನಟ್ಟ ನಡುವೆ ಒಂದು ತೂತು ಬಿದ್ದಿದೆ, ಬೇಕಾದ ಉತ್ತರ ಸರಿಯಾಗಿ ಆ ತೂತಿನಲ್ಲೇ ಇದೆ.

ಇನ್ನೊಂದು ನಷ್ಟ ಪ್ರಮೇಯಗಳ ಭಾಷೆಯಲ್ಲಿ ಕಾಣುತ್ತದೆ. ಯಾವುದೇ ಚತುರ್ಭುಜದ ನಾಲ್ಕು ಬಾಹುಗಳ ಮಧ್ಯಬಿಂದುಗಳನ್ನು ವರಸೆಯಾಗಿ ಸೇರಿಸಿದರೆ ಸಮಾಂತರ ಚತುರ್ಭುಜ ಬರುತ್ತದೆ. ಫ್ರಾನ್ಸಿನ ವರಿನ್ಯೋನ್ ಹೆಸರಿನ ಈ ಪ್ರಮೇಯ 1731ರಲ್ಲಿ ಅಚ್ಚಾಯಿತು. ಒಂದೇ ಸಾಲು. ಎಲ್ಲವನ್ನೂ ಬೇರೆ ಬೇರೆ ಇಡುವ ವ್ಯಾಖ್ಯೆಯಲ್ಲಿ ಇದನ್ನೇ ಹೇಳಬೇಕಾದರೆ ‘ಸಮಾಂತರ ಚತುರ್ಭುಜ, ಇಲ್ಲವೇ ಆಯತ, ಇಲ್ಲವೇ ವಜ್ರಾಕೃತಿ, ಇಲ್ಲವೇ ಚೌಕ ಬರುತ್ತದೆ’ ಎಂದು ಪ್ರತಿ ಸಲವೂ ಪಟ್ಟಿ ಓದಬೇಕು. ಸಾಧನೆಯನ್ನೂ ಪ್ರತಿಯೊಂದಕ್ಕೂ ಬೇರೆ ಬೇರೆ ನೋಡಬೇಕೇನೋ ಎಂಬ ಅನುಮಾನ ಬರುತ್ತದೆ, ಸುಮ್ನೆ.

ಯೂಕ್ಲಿಡ್ ಚೌಕವನ್ನು ಆಯತದಿಂದ ಬೇರೆ ಇಟ್ಟಿದ್ದ ಅಂತಾರೆ. ನಿಜವೇ?

ನಿಜ. ಕ್ರಿ.ಪೂ. 300ರ ಸುಮಾರಿನ ಅವನ ‘ಎಲಿಮೆಂಟ್ಸ್’ ಮೊದಲ ಭಾಗದ 22ನೇ ವ್ಯಾಖ್ಯೆಯನ್ನು ತೆಗೆದು ನೋಡಿ. ಬಾಹುಗಳು ಸಮ, ಕೋನಗಳು ಲಂಬ ಇದ್ದರೆ ಚೌಕ. ಕೋನಗಳು ಲಂಬ ಇದ್ದು ಬಾಹುಗಳು ಸಮ ಇಲ್ಲದಿದ್ದರೆ ಉದ್ದಚೌಕ. ಬಾಹುಗಳು ಸಮ ಇದ್ದು ಕೋನಗಳು ಲಂಬ ಇಲ್ಲದಿದ್ದರೆ ವಜ್ರಾಕೃತಿ. ಹೀಗೆ ಚೌಕದ ನಂತರದ ಎರಡರಲ್ಲೂ ಒಂದು ‘ಇಲ್ಲದಿದ್ದರೆ’ ಇದೆ. ಯಾವುದೂ ಇನ್ನೊಂದರ ಒಳಗೆ ಬರುವುದಿಲ್ಲ.

ಆದರೆ ತಮಾಷೆ ಮುಂದಿದೆ. ಆ ಉದ್ದಚೌಕವನ್ನು ಅವನು ಆಮೇಲೆ ಬಳಸುವುದೇ ಇಲ್ಲ. ಎರಡನೇ ಭಾಗ ಶುರುವಾಗುವಾಗ ‘ಲಂಬಕೋನದ ಸಮಾಂತರ ಚತುರ್ಭುಜ’ ಎಂಬ ಬೇರೆಯೇ ಮಾತನ್ನು ತರುತ್ತಾನೆ. ಆ ಭಾಗದ ನಾಲ್ಕನೇ ಪ್ರಮೇಯ ನಮಗೆಲ್ಲ ಗೊತ್ತಿರುವುದೇ, ಇವತ್ತು (a + b)² = a² + b² + 2ab ಎಂದು ಬರೆಯುತ್ತೇವೆ. ಅವನ ಮಾತಿನಲ್ಲಿ: ಒಂದು ಗೆರೆಯನ್ನು ಎಲ್ಲಿ ಬೇಕಾದರೂ ಕತ್ತರಿಸಿ, ಇಡೀ ಗೆರೆಯ ಮೇಲಿನ ಚೌಕವು ಎರಡು ತುಂಡುಗಳ ಮೇಲಿನ ಚೌಕಗಳಿಗೆ, ಆ ತುಂಡುಗಳಿಂದಾದ ಆಯತದ ಎರಡರಷ್ಟನ್ನು ಸೇರಿಸಿದ್ದಕ್ಕೆ ಸಮ.

‘ಎಲ್ಲಿ ಬೇಕಾದರೂ’ ಎಂದನಲ್ಲ, ಸರಿಯಾಗಿ ಮಧ್ಯದಲ್ಲೇ ಕತ್ತರಿಸಿ. ಆಗ a ಮತ್ತು b ಸಮ. ಆ ಎರಡು ‘ಆಯತ’ಗಳೂ ಚೌಕಗಳೇ ಆಗಿಬಿಡುತ್ತವೆ, ದೊಡ್ಡ ಚೌಕದೊಳಗೆ ನಾಲ್ಕು ಸಮನಾದ ಚೌಕಗಳು ಕೂರುತ್ತವೆ. ಪ್ರಮೇಯ ಸರಿಯಾಗೇ ಇದೆ. ಯೂಕ್ಲಿಡ್ ‘ಮಧ್ಯದಲ್ಲಿ ಮಾತ್ರ ಕತ್ತರಿಸಬೇಡಿ’ ಎಂದು ಎಚ್ಚರಿಕೆ ಕೊಡುವುದಿಲ್ಲ. ಹೆಸರಿಡುವಾಗ ಬೇರೆ ಬೇರೆ ಇಟ್ಟವನು, ಕೆಲಸ ಮಾಡುವಾಗ ಚೌಕವನ್ನು ಆಯತದೊಳಗೇ ಸೇರಿಸಿಕೊಂಡ. ನನಗೆ ಕೇಳಿದರೆ, ಈ ವಾದದಲ್ಲಿ ಯೂಕ್ಲಿಡ್ ಎರಡೂ ಕಡೆಯ ಸಾಕ್ಷಿ.

ನಮ್ಮ ಕಡೆಯ ಹಳೆಯ ಗಣಿತದಲ್ಲಿ ಹೇಗಿತ್ತು?

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯ ‘ಗಣಿತಸಾರ ಸಂಗ್ರಹ’ ಬರೆದ. ಅದರಲ್ಲಿ ಚತುರ್ಭುಜಗಳು ಐದು ಬಗೆ: ಸಮ, ದ್ವಿದ್ವಿಸಮ, ದ್ವಿಸಮ, ತ್ರಿಸಮ, ವಿಷಮ. ನಾಲ್ಕು ಬಾಹುಗಳೂ ಸಮ, ಎರಡೆರಡು ಸಮ, ಎರಡು ಮಾತ್ರ ಸಮ, ಮೂರು ಸಮ, ಯಾವುದೂ ಸಮವಲ್ಲ. ಎಷ್ಟು ಬಾಹುಗಳು ಸಮ ಎಂದು ಎಣಿಸಿ ಮಾಡಿದ ಪಟ್ಟಿ ಇದು, ಆದ್ದರಿಂದ ಒಂದು ಇನ್ನೊಂದರೊಳಗೆ ಹೋಗುವ ಮಾತೇ ಇಲ್ಲ. ಅಳತೆ ಕೊಟ್ಟು ವಿಸ್ತೀರ್ಣ ಕೇಳುವ ಲೆಕ್ಕಗಳಿಗೆ ಇಂಥ ಪಟ್ಟಿ ಅನುಕೂಲ. ಹಾಗಿದ್ದರೂ ಒರಟಾಗಿ ವಿಸ್ತೀರ್ಣ ತೆಗೆಯಲು ಅವನು ಕೊಡುವ ಸೂತ್ರ ಪಟ್ಟಿಯ ಬೇಲಿಗಳನ್ನು ದಾಟಿ ಹೋಗುತ್ತದೆ: ಎದುರು ಬಾಹುಗಳನ್ನು ಕೂಡಿಸಿ ಅರ್ಧ ಮಾಡಿ, ಹೀಗೆ ಬಂದ ಎರಡನ್ನು ಗುಣಿಸಿ. ಆಯತಕ್ಕೂ ಚೌಕಕ್ಕೂ ಅದು ನಿಖರ ಉತ್ತರವನ್ನೇ ಕೊಡುತ್ತದೆ, ಉಳಿದವಕ್ಕೆ ಅಂದಾಜು.

ವಂಶವೃಕ್ಷ ಬರೆದರೆ ಚೌಕ ಎಲ್ಲಿ ಬರುತ್ತದೆ?

ಎಲ್ಲಕ್ಕಿಂತ ಕೆಳಗೆ. ಮೇಲೆ ಯಾವ ಷರತ್ತೂ ಇಲ್ಲದ ಚತುರ್ಭುಜ. ಎದುರು ಬಾಹುಗಳು ಸಮಾಂತರ ಎಂದು ಷರತ್ತು ಹಾಕಿದರೆ ಸಮಾಂತರ ಚತುರ್ಭುಜ. ಅದಕ್ಕೆ ಒಂದು ಕೋನ ಲಂಬ ಎಂದು ಸೇರಿಸಿದರೆ ಆಯತ; ಪಕ್ಕದ ಬಾಹುಗಳು ಸಮ ಎಂದು ಸೇರಿಸಿದರೆ ವಜ್ರಾಕೃತಿ. ಎರಡನ್ನೂ ಸೇರಿಸಿದರೆ ಚೌಕ. ಕೆಳಗೆ ಇಳಿದಂತೆ ಷರತ್ತು ಜಾಸ್ತಿ, ಆಕೃತಿಗಳು ಕಡಿಮೆ, ಗುಣಗಳು ಮಾತ್ರ ಜಾಸ್ತಿ. ಮೇಲಿನವರ ಬಗ್ಗೆ ಸಾಧಿಸಿದ್ದೆಲ್ಲ ಕೆಳಗಿನವರಿಗೆ ಪಿತ್ರಾರ್ಜಿತವಾಗಿ ಬರುತ್ತದೆ. ಕರ್ಣಗಳು ಒಂದನ್ನೊಂದು ಸಮಭಾಗ ಮಾಡುವುದು ಸಮಾಂತರ ಚತುರ್ಭುಜದಿಂದ ಬಂತು, ಕರ್ಣಗಳು ಸಮ ಇರುವುದು ಆಯತದಿಂದ, ಅವು ಲಂಬವಾಗಿ ಕತ್ತರಿಸುವುದು ವಜ್ರಾಕೃತಿಯಿಂದ. ಚೌಕಕ್ಕೆ ಮೂರೂ ಸಿಕ್ಕವು, ಹೊಸದಾಗಿ ಸಾಧಿಸುವ ಅಗತ್ಯವಿಲ್ಲ.

ನಿಜ ಹೇಳಬೇಕೆಂದರೆ ಇದು ವೃಕ್ಷವೂ ಅಲ್ಲ. ಮರದಲ್ಲಿ ಒಂದು ಕೊಂಬೆ ಒಂದೇ ಕಡೆಯಿಂದ ಹೊರಡುತ್ತದೆ, ಚೌಕಕ್ಕೆ ಆಯತವೂ ಬೇಕು, ವಜ್ರಾಕೃತಿಯೂ ಬೇಕು.

ಒಬ್ಬರು ‘ನಾಲ್ಕೂ ಕೋನ ಲಂಬ’ ಅಂತಾರೆ, ಇನ್ನೊಬ್ಬರು ‘ಕರ್ಣಗಳು ಸಮ ಇರುವ ಸಮಾಂತರ ಚತುರ್ಭುಜ’ ಅಂತಾರೆ. ಯಾವುದು ಸರಿ?

ಎರಡೂ ಒಂದೇ ಗುಂಪನ್ನು ಹಿಡಿಯುತ್ತವೆ, ಹಾಗಾಗಿ ಎರಡೂ ಸರಿ. ಒಂದನ್ನು ವ್ಯಾಖ್ಯೆ ಎಂದು ಇಟ್ಟುಕೊಂಡರೆ ಇನ್ನೊಂದು ಪ್ರಮೇಯವಾಗುತ್ತದೆ.

ಮನೆಗೆ ಪಾಯ ಹಾಕುವ ಕಡೆ ಎರಡನೆಯದನ್ನೇ ಬಳಸುತ್ತಾರೆ. 30×40 ಅಡಿಗೆ ಗೂಟ ಹೊಡೆದು ದಾರ ಕಟ್ಟಿದ ಮೇಲೆ ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿಯುತ್ತಾರೆ. ಎರಡು ಕಡೆಯೂ 50 ಅಡಿ ಬರಬೇಕು. ಒಂದು ಕಡೆ 50 ಅಡಿ 4 ಇಂಚು, ಇನ್ನೊಂದು ಕಡೆ ಅದಕ್ಕಿಂತ ಕಡಿಮೆ ಬಂದರೆ ಪಾಯ ಓರೆಯಾಗಿದೆ ಎಂದರ್ಥ. ಇಲ್ಲಿ ಒಂದು ಎಚ್ಚರಿಕೆ: ಎದುರು ಬಾಹುಗಳು ಸಮ ಇವೆಯೇ ಎಂದು ಮೊದಲೇ ನೋಡಿರಬೇಕು. ಕರ್ಣಗಳು ಸಮ ಎಂದಷ್ಟೇ ನೋಡಿದರೆ ಸಾಲದು. ಮುಂದೆ ಒಂದು ಕಡೆ 30, ಹಿಂದೆ 28 ಅಡಿ ಇದ್ದರೂ ಎರಡು ಪಕ್ಕ ಸಮವಾಗಿ ಒಳಗೆ ವಾಲಿದ್ದರೆ ಕರ್ಣಗಳು ಸಮನಾಗೇ ಬರುತ್ತವೆ. 30×30 ಸೈಟಿಗೂ ಇದೇ ಪರೀಕ್ಷೆ, ಬೇರೆ ವಿಧಾನ ಬೇಡ.

ತ್ರಾಪಿಜ್ಯದ ವಿಷಯದಲ್ಲಿ ಪುಸ್ತಕದಿಂದ ಪುಸ್ತಕಕ್ಕೆ ವ್ಯಾಖ್ಯೆ ಬದಲಾಗುತ್ತದಲ್ಲ, ಯಾಕೆ?

ಆಯತದ ಜಗಳ ಗಣಿತದವರ ನಡುವೆ ಮುಗಿದಿದೆ. ತ್ರಾಪಿಜ್ಯದ್ದು ಮುಗಿದಿಲ್ಲ. ‘ಒಂದೇ ಒಂದು ಜೊತೆ ಎದುರು ಬಾಹುಗಳು ಸಮಾಂತರ’ ಎಂದರೆ ಸಮಾಂತರ ಚತುರ್ಭುಜ ಹೊರಗೆ. ‘ಕನಿಷ್ಠ ಒಂದು ಜೊತೆ’ ಎಂದರೆ ಅದು ಒಳಗೆ, ಅದರ ಹಿಂದೆಯೇ ಆಯತ, ಚೌಕಗಳೂ ಒಳಗೆ. ಮೇಲೆ ಹೇಳಿದ ಕರ್ಣದ ವ್ಯಾಖ್ಯೆಗಳ ಹಾಗಲ್ಲ ಇದು. ಇಲ್ಲಿ ಎರಡು ವ್ಯಾಖ್ಯೆಗಳು ಎರಡು ಬೇರೆ ಗುಂಪುಗಳನ್ನು ಹಿಡಿಯುತ್ತವೆ.

ನಾನು ‘ಕನಿಷ್ಠ’ದ ಪಕ್ಷ. ½(a + b)h ಎಂಬ ವಿಸ್ತೀರ್ಣದ ಸೂತ್ರ a = b ಆದಾಗಲೂ ನಡೆಯುತ್ತದೆ. ವಕ್ರರೇಖೆಯ ಕೆಳಗಿನ ವಿಸ್ತೀರ್ಣವನ್ನು ತ್ರಾಪಿಜ್ಯಗಳಾಗಿ ಸೀಳಿ ಲೆಕ್ಕ ಹಾಕುವಾಗ ಯಾವುದೋ ಒಂದು ಪಟ್ಟಿಯ ಎರಡು ಬದಿ ಸಮನಾಗಿ ಅದು ಆಯತವಾದರೆ, ಯಾರೂ ನಿಲ್ಲಿಸಿ ಸೂತ್ರ ಬದಲಿಸುವುದಿಲ್ಲ.

ಹಾಗಾದರೆ ‘ಕನಿಷ್ಠ’ ಎಂದು ಹಾಕಿಕೊಂಡು ಮುಂದೆ ಹೋಗಬಹುದಲ್ಲ?

ಅಷ್ಟು ಸುಲಭವಿಲ್ಲ. ಒಂದು ವ್ಯಾಖ್ಯೆಯನ್ನು ಅಲುಗಿಸಿದರೆ ಅದರ ಕೆಳಗಿನವು ಅಲುಗುತ್ತವೆ. ಸಮದ್ವಿಬಾಹು ತ್ರಾಪಿಜ್ಯವನ್ನು ತೆಗೆದುಕೊಳ್ಳಿ. ಮಾಮೂಲಿ ವ್ಯಾಖ್ಯೆ: ಸಮಾಂತರವಲ್ಲದ ಎರಡು ಬಾಹುಗಳು ಸಮ ಇರುವ ತ್ರಾಪಿಜ್ಯ. ಅದರ ಮುಖ್ಯ ಪ್ರಮೇಯ: ಕರ್ಣಗಳು ಸಮ.

ಗ್ರಾಫ್ ಹಾಳೆಯಲ್ಲಿ A(0,0), B(6,0), C(4,4), D(2,4) ಗುರುತಿಸಿ. AB ಮತ್ತು DC ಸಮಾಂತರ. AD, BC ಎರಡರ ಉದ್ದವೂ √20. ಕರ್ಣ AC √32, ಕರ್ಣ BD √32. ಪ್ರಮೇಯ ಸರಿ.

ಈಗ ತ್ರಾಪಿಜ್ಯಕ್ಕೆ ‘ಕನಿಷ್ಠ ಒಂದು ಜೊತೆ’ ಎಂದು ಹಾಕಿ, ಸಮದ್ವಿಬಾಹುವಿಗೆ ‘ಉಳಿದ ಎರಡು ಬಾಹುಗಳು ಸಮ’ ಎಂದು ಹಾಕಿ. C ಮಾತ್ರ ಸರಿಸಿ (8,4)ಕ್ಕೆ ಒಯ್ಯಿರಿ, D ಅಲ್ಲೇ ಇರಲಿ. AB, DC ಈಗಲೂ ಸಮಾಂತರ. AD √20, BC √20. ಹೊಸ ವ್ಯಾಖ್ಯೆಯ ಪ್ರಕಾರ ಇದೂ ಸಮದ್ವಿಬಾಹು ತ್ರಾಪಿಜ್ಯ. ಕರ್ಣಗಳನ್ನು ಅಳೆಯಿರಿ: AC √80, BD √32. ಪ್ರಮೇಯ ಬಿದ್ದುಹೋಯಿತು. ಓರೆಯಾದ ಸಮಾಂತರ ಚತುರ್ಭುಜವೊಂದು ಹಿಂಬಾಗಿಲಿನಿಂದ ಒಳಗೆ ಬಂದಿದೆ.

ಇದನ್ನು ನೋಡಿಯೇ ಕೆಲವರು ‘ಒಂದೇ ಒಂದು ಜೊತೆ’ಗೆ ವಾಪಸ್ ಹೋಗುತ್ತಾರೆ. ಅದಕ್ಕಿಂತ ಒಳ್ಳೆಯ ದಾರಿ ಇದೆ: ಬಾಹುಗಳ ಬದಲು ಕೋನಗಳನ್ನು ಹಿಡಿಯುವುದು. ಒಂದು ಸಮಾಂತರ ಬಾಹುವಿನ ಎರಡು ತುದಿಯ ಕೋನಗಳು ಸಮ ಇದ್ದರೆ ಅದು ಸಮದ್ವಿಬಾಹು ತ್ರಾಪಿಜ್ಯ ಎನ್ನಿ. ಮೇಲಿನ ಓರೆ ಆಕೃತಿಯಲ್ಲಿ A ಬಳಿ ಸುಮಾರು 63 ಡಿಗ್ರಿ, B ಬಳಿ ಸುಮಾರು 117. ಅದು ಹೊರಗೆ. ಸಮಾಂತರ ಚತುರ್ಭುಜದಲ್ಲಿ ಪಕ್ಕದ ಕೋನಗಳ ಮೊತ್ತ 180, ಅವು ಸಮ ಇರಬೇಕಾದರೆ ಎರಡೂ 90 ಆಗಬೇಕು. ಅಂದರೆ ಸಮಾಂತರ ಚತುರ್ಭುಜಗಳ ಪೈಕಿ ಆಯತಗಳು ಮಾತ್ರ ಒಳಗೆ ಬರುತ್ತವೆ, ಅವುಗಳ ಕರ್ಣಗಳು ಹೇಗೂ ಸಮ. ಪ್ರಮೇಯ ಉಳಿಯಿತು, ಆಯತಕ್ಕೆ ಮೇಲೆ ಇನ್ನೊಬ್ಬ ಹಿರಿಯ ಸಿಕ್ಕ.

ಯಾಕೆ ಹೀಗೆ ಕೂಡಿಬರುತ್ತದೆ ಎಂದು ಕೇಳಿದರೆ, ಮಡಚಿ ನೋಡಿ. ಸಮದ್ವಿಬಾಹು ತ್ರಾಪಿಜ್ಯವನ್ನು ಎರಡು ಸಮಾಂತರ ಬಾಹುಗಳ ಮಧ್ಯಬಿಂದು ಸೇರಿಸುವ ಗೆರೆಯ ಮೇಲೆ ಮಡಚಿದರೆ ಎರಡು ಭಾಗ ಸರಿಯಾಗಿ ಕೂಡುತ್ತವೆ. ಆಯತದಲ್ಲೂ ಕೂಡುತ್ತವೆ. ಓರೆ ಸಮಾಂತರ ಚತುರ್ಭುಜದಲ್ಲಿ ಕೂಡುವುದಿಲ್ಲ. ಕೋನದ ವ್ಯಾಖ್ಯೆ ಈ ಗುಣವನ್ನು ಹಿಡಿದಿತ್ತು, ಬಾಹುವಿನ ವ್ಯಾಖ್ಯೆ ಹಿಡಿದಿರಲಿಲ್ಲ.

ಗಾಳಿಪಟ?

ಅದೇ ಕಥೆ. ಪಕ್ಕಪಕ್ಕದ ಬಾಹುಗಳು ಎರಡು ಜೊತೆಯಾಗಿ ಸಮ ಇದ್ದರೆ ಗಾಳಿಪಟ. ‘ಆ ಎರಡು ಜೊತೆಗಳ ಉದ್ದ ಬೇರೆ ಇರಬೇಕು’ ಎಂದು ಸೇರಿಸದಿದ್ದರೆ ವಜ್ರಾಕೃತಿ ಗಾಳಿಪಟದ ಕೆಳಗೆ ಬರುತ್ತದೆ. ಗಾಳಿಪಟವನ್ನು ಕರ್ಣದ ಮೇಲೆ ಮಡಚುತ್ತೇವೆ, ಸಮದ್ವಿಬಾಹು ತ್ರಾಪಿಜ್ಯವನ್ನು ಬಾಹುಗಳ ಮಧ್ಯದಲ್ಲಿ. ಚೌಕವನ್ನು ಎರಡೂ ಥರ ಮಡಚಬಹುದು.

ಪ್ರೋಗ್ರಾಮಿಂಗ್ ಕಲಿಸುವವರು ‘`Square` ಅನ್ನು `Rectangle`ನಿಂದ ಇಳಿಸಬೇಡಿ’ ಅಂತಾರೆ. ಅವರೇನು ಗಣಿತಕ್ಕೆ ವಿರುದ್ಧವೇ?

ಇಲ್ಲ. ಅವರ ಆಯತ ಬೇರೆ ಥರದ್ದು.

```python
class Rectangle:
    def __init__(self, w, h):
        self.w, self.h = w, h
    def set_width(self, w):
        self.w = w

class Square(Rectangle):
    def set_width(self, w):
        self.w = self.h = w
```

ಎತ್ತರ 4 ಇರುವ ಆಯತಕ್ಕೆ `set_width(5)` ಕೊಟ್ಟರೆ ವಿಸ್ತೀರ್ಣ 20 ಎಂದು ಉಳಿದ ಕೋಡು ನಂಬಿರುತ್ತದೆ. ಅಲ್ಲಿಗೆ `Square(4, 4)` ಬಂದರೆ 25 ಆಗುತ್ತದೆ. ಗಣಿತದ ಆಯತಕ್ಕೆ ಅಗಲ ಬದಲಾಗುವುದಿಲ್ಲ. ಬದಲಾದರೆ ಅದು ಇನ್ನೊಂದು ಆಯತ. ಇಲ್ಲಿನ ಆಯತಕ್ಕೆ ‘ಅಗಲವನ್ನು ಎತ್ತರ ಮುಟ್ಟದೆ ಬದಲಿಸಬಹುದು’ ಎಂಬ ಹೆಚ್ಚಿನ ಷರತ್ತು ವ್ಯಾಖ್ಯೆಯೊಳಗೇ ಸೇರಿದೆ, ಚೌಕ ಅದನ್ನು ಪಾಲಿಸಲಾರದು. `set_width` ತೆಗೆದುಹಾಕಿ, ಜಗಳ ನಿಲ್ಲುತ್ತದೆ.

ಪರೀಕ್ಷೆಯಲ್ಲಿ ಏನು ಬರೆಯಬೇಕು?

‘ಪ್ರತಿ ಚೌಕವೂ ಆಯತ’ ಬಂದರೆ ಸರಿ ಎಂದು ಬರೆಯಿರಿ, ಕಾರಣವನ್ನೂ ಬರೆಯಿರಿ. ತ್ರಾಪಿಜ್ಯ, ಗಾಳಿಪಟದ ಪ್ರಶ್ನೆ ಬಂದರೆ ನಿಮ್ಮ ಪುಸ್ತಕದ ವ್ಯಾಖ್ಯೆಯಲ್ಲಿ ‘ಕನಿಷ್ಠ’, ‘ಮಾತ್ರ’, ‘ಒಂದೇ’ ಎಂಬ ಮಾತು ಇದೆಯೇ ನೋಡಿ. ಆ ಒಂದು ಮಾತಿನ ಮೇಲೆ ಉತ್ತರ ನಿಂತಿರುತ್ತದೆ.

ಐದನೇ ಕ್ಲಾಸಿನ ಮಗಳು ಎಷ್ಟು ಹೇಳಿದರೂ ಒಪ್ಪುತ್ತಿಲ್ಲ. ಏನು ಮಾಡಲಿ?

ಒತ್ತಾಯ ಮಾಡಬೇಡಿ, ಅದು ದಡ್ಡತನವಲ್ಲ. ನೆದರ್ಲೆಂಡ್ಸಿನ ಡೀನಾ ಮತ್ತು ಪಿಯರ್ ವಾನ್ ಹೀಲೆ ಎಂಬ ಶಿಕ್ಷಕ ದಂಪತಿ 1957ರಲ್ಲಿ ಇದನ್ನು ಹಂತಗಳಾಗಿ ವಿವರಿಸಿದರು. ಮೊದಲು ಮಗು ಆಕೃತಿಯನ್ನು ನೋಟದಿಂದ ಗುರುತಿಸುತ್ತದೆ. ಆಮೇಲೆ ಗುಣಗಳನ್ನು ಪಟ್ಟಿ ಮಾಡುತ್ತದೆ: ಆಯತಕ್ಕೆ ಇಷ್ಟು, ಚೌಕಕ್ಕೆ ಇಷ್ಟು. ಒಂದು ಪಟ್ಟಿ ಇನ್ನೊಂದರೊಳಗೆ ಕೂರುತ್ತದೆ ಎಂದು ಕಾಣುವುದು ಅದರ ಮುಂದಿನ ಹಂತ. ನಿಮ್ಮ ಮಗಳು ಬಹುಶಃ ಎರಡನೆಯದರಲ್ಲಿದ್ದಾಳೆ.

ಜಿಯೋಜೀಬ್ರಾ ಎಂಬ ಜ್ಯಾಮಿತಿಯ ತಂತ್ರಾಂಶದಲ್ಲಿ ಲಂಬರೇಖೆಗಳನ್ನು ಬಳಸಿ ಒಂದು ಆಯತ ರಚಿಸಿ, ಮೂಲೆ ಹಿಡಿದು ಅವಳೇ ಎಳೆಯಲಿ. ಉದ್ದವಾಗುತ್ತದೆ, ಗಿಡ್ಡವಾಗುತ್ತದೆ, ನಡುವೆ ಒಂದು ಕ್ಷಣ ಚೌಕವಾಗಿ ಮುಂದೆ ಹೋಗುತ್ತದೆ. ಅಲ್ಲಿ ನಿಲ್ಲಿಸಿ ‘ಈಗ ಆಯತ ಎಲ್ಲಿ ಹೋಯ್ತು?’ ಎಂದು ಕೇಳಿ. ಉತ್ತರ ನೀವು ಹೇಳಬೇಡಿ.

ತ್ರಿಭುಜಗಳಲ್ಲೂ ಈ ಗೊಂದಲ ಇದೆಯೇ?

ಇದೆ, ಚಿಕ್ಕದು. ಯೂಕ್ಲಿಡ್ ಸಮದ್ವಿಬಾಹು ತ್ರಿಭುಜಕ್ಕೆ ‘ಎರಡು ಬಾಹುಗಳು ಮಾತ್ರ ಸಮ’ ಎಂದಿದ್ದ. ಇವತ್ತು ‘ಕನಿಷ್ಠ ಎರಡು’ ಎನ್ನುತ್ತೇವೆ. ಹಾಗಾಗಿ ಸಮಬಾಹು ತ್ರಿಭುಜದ ಕೋನಗಳು ಸಮ ಎಂದು ತೋರಿಸಲು ಸಮದ್ವಿಬಾಹುವಿನ ಪ್ರಮೇಯವನ್ನೇ ಎರಡು ಸಲ ಹಚ್ಚಿದರೆ ಸಾಕು: ಒಮ್ಮೆ ಒಂದು ಪಾದದ ಮೇಲೆ, ಇನ್ನೊಮ್ಮೆ ಬೇರೆ ಪಾದದ ಮೇಲೆ.